65 ವ್ಯಾಟ್ ಚಾರ್ಜರ್‌ಗೆ ಮೂರು ವಸ್ತು ಹಚ್ಚಿದ್ರ ಯಾವುದಕ್ಕ ಎಷ್ಟು ಸಿಗ್ತದ?

ಸಪ್ತಾಪುರ_ರೂಮ್4 (ಧಾರವಾಡ)

ಎಲ್ಲರಿಗೂ ನಮಸ್ಕಾರ. ನಮ್ಮ ರೂಮಿನಾಗ ಇರೋದು ಒಂದs ಸಾಕೆಟ್, ಅದಕ್ಕ ಮೂರು ಪೋರ್ಟಿನ ಗ್ಯಾನ್ ಚಾರ್ಜರ್ ಹಾಕೇವಿ. ಡಬ್ಬಿ ಮ್ಯಾಲೆ ದೊಡ್ಡ ಅಕ್ಷರದಾಗ 65 ವ್ಯಾಟ್ ಅಂತ ಅದ. ಸಿ1, ಸಿ2 ಅಂತ ಎರಡು ಟೈಪ್-ಸಿ, ಕೆಳಗ ಒಂದು ಹಳೇ ಅಗಲ ಯುಎಸ್‌ಬಿ, ಅದಕ್ಕ ಎ ಅಂತ ಬರದದ.

ಸಿ1ಕ್ಕ ಲ್ಯಾಪ್‌ಟಾಪ್, ಸಿ2ಕ್ಕ ಫೋನ್, ಎ ಪೋರ್ಟಿಗೆ ಇಯರ್‌ಬಡ್ಸ್ ಡಬ್ಬಿ. ಲ್ಯಾಪ್‌ಟಾಪಿನ ಜೊತೆ ಬಂದಿದ್ದ ಅಡಾಪ್ಟರೂ 65 ವ್ಯಾಟಿಂದೇ. ಕಾಟ ಏನಂದ್ರ:

ಲ್ಯಾಪ್‌ಟಾಪ್ ಒಂದೇ ಇದ್ರ ಛಲೋ ಚಾರ್ಜ್ ಆಗ್ತದ. ಫೋನ್ ಹಚ್ಚಿದ ಕೂಡ್ಲೆ ಲ್ಯಾಪ್‌ಟಾಪ್ ಒಂದೆರಡು ಸೆಕೆಂಡ್ ಚಾರ್ಜಿಂಗ್ ಬಿಟ್ಟು ಮತ್ತ ಹಿಡೀತದ, ಆಮ್ಯಾಲೆ 'ಸ್ಲೋ ಚಾರ್ಜರ್' ಅಂತ ತೋರಸ್ತದ. ಇಯರ್‌ಬಡ್ಸ್ ಹಚ್ಚಿದ್ರ ಫೋನಿನ 'ಫಾಸ್ಟ್ ಚಾರ್ಜಿಂಗ್' ಅನ್ನೋದು ಮಾಯ. ಫೋನ್ 100 ಆದ್ರೂ ಲ್ಯಾಪ್‌ಟಾಪ್ ಸ್ಲೋನೇ ಇರ್ತದ. ರಾತ್ರಿ ಎಲ್ಲಾ ಹಚ್ಚಿಟ್ಟು ಮಲಗಿದ್ರ ಫೋನ್ ನಡುನಡುವ ಟಣ್ ಅಂತದ, ಯಾರೋ ಕೇಬಲ್ ತಗದು ಹಚ್ಚಿದಂಗ.

ಚಾರ್ಜರ್ ಕೆಟ್ಟದೇನು? ವಾಪಸ್ ಕೊಡೋ ಅವಧಿ ಇನ್ನೂ ನಾಕು ದಿನ ಅದ.

---

ಕೊಪ್ಪಿಕರ್_ಕಟ್ಟೆ (ಹುಬ್ಬಳ್ಳಿ)

ಸಿಂಪಲ್ ಲೆಕ್ಕ ಬಾಸ್. ಒಟ್ಟು 65, ಪೋರ್ಟ್ ಮೂರು. ಯಾವುದು ಎಷ್ಟು ಎಳೆಯುತ್ತೋ ಅಷ್ಟು ಅದಕ್ಕೆ ಹೋಗುತ್ತೆ, ಉಳಿದದ್ದು ಮಿಕ್ಕವಕ್ಕೆ. ಫೋನ್ ತುಂಬಿದ ಮೇಲೆ ಅದು ಎಳೆಯೋದೇ ಇಲ್ಲ, ಹಾಗಾಗಿ ಪೂರ್ತಿ 65 ಲ್ಯಾಪ್‌ಟಾಪಿಗೆ ವಾಪಸ್ ಬರಬೇಕು. ಬರ್ತಿಲ್ಲ ಅಂದ್ರೆ ಪೀಸ್ ಡಿಫೆಕ್ಟು. ಬದಲಿ ತಗೊಳ್ಳಿ.

---

ತಂತಿ_ಪಕ್ಕಡ್ (ಹುಬ್ಬಳ್ಳಿ)

ತಡೀರಿ, ಬದಲಿ ತಗೊಂಡ್ರೂ ಅದs ಕತಿ ಆಗ್ತೈತಿ. ಮೇಲಿನವರು ಹೇಳಿದ್ದು ಮನಿ ವೈರಿಂಗಿಗೆ ಸರಿ. ಫ್ಯಾನ್, ಲೈಟು ತಮಗ ಬೇಕಾದಷ್ಟು ಎಳೀತಾವ, ಮೀಟರ್ ತಿರಗ್ತೈತಿ. ಟೈಪ್-ಸಿ ಚಾರ್ಜರ್ ಹಂಗಲ್ಲ. ಇಲ್ಲಿ ಎಳಿಯೂಕಿಂತ ಮೊದಲು ಮಾತುಕತಿ ಆಗ್ತೈತಿ.

ಕೇಬಲ್ ಹಚ್ಚಿದ ಕೂಡ್ಲೆ ಚಾರ್ಜರ್ ಒಂದು ಪಟ್ಟಿ ಓದಿ ಹೇಳ್ತೈತಿ: ನನ್ನ ಕಡೆ 5 ವೋಲ್ಟಿಗೆ 3 ಆಂಪಿಯರ್ ಐತಿ, 9 ವೋಲ್ಟಿಗೆ 3, 15ಕ್ಕ 3, 20ಕ್ಕ 3.25 ಅಂತ. ಲ್ಯಾಪ್‌ಟಾಪ್ ಅದರಾಗ ಒಂದನ್ನ ಆರಿಸಿ 'ಇದು ಕೊಡು' ಅಂತದ, ಚಾರ್ಜರ್ 'ಆತು' ಅಂದ ಮ್ಯಾಲೆನs ವೋಲ್ಟ್ ಏರ್ತೈತಿ. ಒಮ್ಮೆ 'ಆತು' ಅಂದ್ರ ಚಾರ್ಜರ್ ಆ ಮಾತಿಗೆ ಕಟ್ಟುಬಿದ್ದಂಗ. 20 ವೋಲ್ಟ್ 3.25 ಆಂಪಿಯರ್ ಅಂದ್ರ 65 ವ್ಯಾಟ್, ಅಂದ್ರ ಗಂಟು ಪೂರಾ ಅದಕ್ಕs ಬರದುಕೊಟ್ಟಂಗ. ಲ್ಯಾಪ್‌ಟಾಪ್ ಆ ಹೊತ್ತಿನಾಗ ಬರೇ 20 ವ್ಯಾಟ್ ತಿಂತಿದ್ರೂ, ಮುಂದಿನ ಕ್ಷಣ 65 ಕೇಳೂ ಹಕ್ಕು ಅದಕ್ಕ ಐತಿ.

ಈಗ ಸಿ2ಕ್ಕ ಫೋನ್ ಹಚ್ಚಿದ್ರಿ. ಚಾರ್ಜರ್ ಏನ್ಮಾಡಬೇಕು? ಲ್ಯಾಪ್‌ಟಾಪಿಗೆ ಕೊಟ್ಟ ಮಾತು ಹಿಂದಕ್ಕ ತಗೋಬೇಕು. ಅದಕ್ಕ ಬಹಳ ಚಾರ್ಜರ್‌ಗಳು ಎಲ್ಲಾ ಪೋರ್ಟ್ ಒಂದು ಕ್ಷಣ ಬಂದ್ ಮಾಡಿ, ಹೊಸಾ ಪಟ್ಟಿ ಹಿಡ್ಕೊಂಡು ಮತ್ತ ಬರ್ತಾವ. ನೀವು ನೋಡಿದ ಎರಡು ಸೆಕೆಂಡಿನ ಬಿಕ್ಕಳಿಕಿ ಅದs. ಹೊಸಾ ಪಟ್ಟಿಯಾಗ ಲ್ಯಾಪ್‌ಟಾಪಿಗೆ 20 ವೋಲ್ಟ್ 2.25 ಆಂಪಿಯರ್, ಅಂದ್ರ 45 ವ್ಯಾಟ್. ಫೋನಿಗೆ 20.

ಮುಖ್ಯ ಮಾತು ಇಷ್ಟ: ಹಂಚಿಕೆ ಆಗೂದು ಏನು ಹಚ್ಚೀರಿ ಅನ್ನೂದರ ಮ್ಯಾಲೆ, ಎಷ್ಟು ಎಳೀತೈತಿ ಅನ್ನೂದರ ಮ್ಯಾಲೆ ಅಲ್ಲ. ಫೋನ್ 100 ಆಗಿ ಒಂದು ವ್ಯಾಟೂ ತಿನ್ನದಿದ್ರೂ ಕೇಬಲ್ ಇರೂತನಕ ಆ 20 ವ್ಯಾಟ್ ಅದರ ಹೆಸರಿಗೆ ಮೀಸಲು. ಬಸ್ಸಿನ ಸೀಟಿಗೆ ಟವೆಲ್ ಹಾಕಿದಂಗ ನೋಡ್ರಿ, ಕುಂದ್ರೂ ಮನಿಷ್ಯಾ ಬರ್ಲಿ ಬಿಡ್ಲಿ.

ಚಾರ್ಜರ್ ಮೈಮ್ಯಾಲೆ ಸಣ್ಣ ಅಕ್ಷರದಾಗ ಸಾಲು ಇರ್ತಾವ. ಫೋಟೋ ತಗದು ದೊಡ್ಡದು ಮಾಡಿ ಓದಿ ಇಲ್ಲಿ ಹಾಕ್ರಿ.

---

ಬೆಟಗೇರಿ_ಮಗ್ಗ (ಗದಗ)

ನಮ್ಮ ಕಡೆ ಕರೆಂಟ್ ಹೋದ್ರ ಇನ್ವರ್ಟರ್ ಮ್ಯಾಲೆ ಇಂಥಾ ಚಾರ್ಜರ್ ಹಾಕಬಹುದೇನ್ರಿ? ಮೂರೂ ಪೋರ್ಟ್ ಹಚ್ಚಿದ್ರ 65 ಸಲ ಮೂರು, 195 ವ್ಯಾಟ್ ಆಕ್ಕೈತಲ್ಲ, ಬ್ಯಾಟರಿ ಬೇಗ ಕುಂದ್ರತೈತಿ ಅಂತ ಹೆದರಿಕಿ.

---

ತಂತಿ_ಪಕ್ಕಡ್

ಅಣ್ಣಾರ, 195 ಆಗೂದಿಲ್ಲ. ಮೂರೂ ಸೇರಿ 65. ಚಾರ್ಜರ್ ಒಳಗ ಬಿಸಿ ಆಗಿ ಹೋಗೂದು ಸೇರಿಸಿ ಗ್ವಾಡಿಯಿಂದ 72 ವ್ಯಾಟ್ ಆಸುಪಾಸು ಎಳೀಬಹುದು, ಅದೂ ಪೂರ್ತಿ ಲೋಡ್ ಇದ್ದಾಗ. ಒಂದು ಹಳೇ ಸೀಲಿಂಗ್ ಫ್ಯಾನಿನಷ್ಟು. ಧೈರ್ಯದಿಂದ ಹಚ್ಚರಿ.

---

ಸಪ್ತಾಪುರ_ರೂಮ್4

ಓದಿದೆ. ಅಕ್ಷರ ಇರುವೆ ಗಾತ್ರ. ಹಿಂಗದ:

ಸಿ1 ಒಂದೇ: 65. ಸಿ2 ಒಂದೇ: 65. ಎ ಒಂದೇ: 18.
ಸಿ1 + ಸಿ2: 45 + 20.
ಸಿ1 + ಎ: 45 + 18.
ಸಿ2 + ಎ: 5 ವೋಲ್ಟ್ 3 ಆಂಪಿಯರ್, ಎರಡೂ ಸೇರಿ 15.
ಮೂರೂ: ಸಿ1ಕ್ಕ 45, ಸಿ2 ಮತ್ತು ಎ ಸೇರಿ 15.

ಸಿ2 + ಎ ಸಾಲು ಅಚ್ಚಿನ ತಪ್ಪು ಇರಬೇಕು ಅಲ್ರೀ? 65ರ ಚಾರ್ಜರ್‌ನಾಗ ಲ್ಯಾಪ್‌ಟಾಪ್ ಇಲ್ಲದಾಗ ಎರಡು ಸಣ್ಣ ವಸ್ತುಗೆ ಬರೇ 15 ಯಾಕ? ಉಳಿದ 50 ಎಲ್ಲಿಗೆ ಹೋತು?

---

ಕೆಲಗೇರಿ_ಕೆರೆ (ಧಾರವಾಡ)

ಅಚ್ಚಿನ ತಪ್ಪಲ್ಲ. ಈ ತರದ ಚಾರ್ಜರ್‌ನ ಗುಟ್ಟು ಅದೊಂದೇ ಸಾಲಿನಾಗ ಅದ, ಆದ್ರ ಯಾರೂ ಓದೂದಿಲ್ಲ.

ಚಾರ್ಜರ್ ಒಳಗ ಮೊದಲ ಹಂತ 230 ವೋಲ್ಟನ್ನ ಇಳಿಸಿ ಒಂದು ಡಿಸಿ ಮಾಡ್ತದ. 65 ವ್ಯಾಟ್ ಅನ್ನೂದು ಈ ಹಂತದ ತಾಕತ್ತು. ಅಲ್ಲಿಂದ ಮುಂದ ಪೋರ್ಟಿಗೆ ಬೇಕಾದ ವೋಲ್ಟ್ ಮಾಡ್ಲಿಕ್ಕೆ ಬ್ಯಾರೆ ಸಣ್ಣ ಕನ್ವರ್ಟರ್ ಬೇಕು. ಮೂರು ಪೋರ್ಟಿಗೆ ಮೂರು ಕನ್ವರ್ಟರ್ ಹಾಕಿದ್ರ ಛಲೋ, ಆದ್ರ ರೊಕ್ಕ ಮತ್ತು ಜಾಗ ಎರಡೂ ಜಾಸ್ತಿ ಬೇಕು. ಅದಕ್ಕ ಇಂಥವುಗಳಲ್ಲಿ ಎರಡೇ ಇರ್ತಾವ: ಒಂದು ಸಿ1ಕ್ಕ, ಇನ್ನೊಂದನ್ನ ಸಿ2 ಮತ್ತು ಎ ಹಂಚಿಕೋತಾವ.

ಒಂದು ಕನ್ವರ್ಟರ್ ಒಂದು ಹೊತ್ತಿಗೆ ಒಂದೇ ವೋಲ್ಟ್ ಕೊಡ್ತದ. ಫೋನ್ 9 ವೋಲ್ಟ್ ಕೇಳ್ತದ, ಇಯರ್‌ಬಡ್ಸ್ ಡಬ್ಬಿಗೆ 5 ವೋಲ್ಟ್ ಬಿಟ್ಟು ಬ್ಯಾರೆ ಗೊತ್ತಿಲ್ಲ. ಒಂದೇ ಹಂಚಿನ ಮ್ಯಾಲೆ ರೊಟ್ಟಿ ಮತ್ತ ದ್ವಾಸಿ ಒಟ್ಟಿಗೆ ಸುಡಾಕ ಬರ್ತದೇನು, ಎರಡಕ್ಕೂ ಉರಿ ಬ್ಯಾರೆ. 9 ವೋಲ್ಟ್ ಬಿಟ್ರ ಡಬ್ಬಿ ಸುಟ್ಟು ಹೋಗಬಹುದು. ಹಂಗಾಗಿ ಇಬ್ಬರೂ ಒಪ್ಪೂ 5 ವೋಲ್ಟಿಗೆ ಚಾರ್ಜರ್ ಇಳೀತದ, 3 ಆಂಪಿಯರ್ ಇಬ್ಬರಿಗೂ ಸೇರಿ. ಉಳಿದ 50 ವ್ಯಾಟ್ ಎಲ್ಲಿಗೂ ಹೋಗಿಲ್ಲ, ಸಿ1 ಹಿಂದ ಸುಮ್ನ ಕುಂತದ.

ನಿಮ್ಮ ಫೋನಿನ ಫಾಸ್ಟ್ ಚಾರ್ಜಿಂಗ್ ಮಾಯ ಆಗೂದಕ್ಕ ಇದs ಕಾರಣ. ಇಯರ್‌ಬಡ್ಸ್ ತಿನ್ನೂದು ಎರಡು ಮೂರು ವ್ಯಾಟ್. ಆದ್ರ ಅದರ ಕೇಬಲ್ ಎ ಪೋರ್ಟಿಗೆ ಹೋದ ಕೂಡ್ಲೆ ಫೋನ್ 20ರಿಂದ ಹತ್ತು ಹನ್ನೆರಡಕ್ಕ ಬೀಳ್ತದ.

---

ಕೊಪ್ಪಿಕರ್_ಕಟ್ಟೆ

ಆದ್ರೆ ಸರ್, ಎಳೆತ ನೋಡಿ ಹಂಚೋ ಚಾರ್ಜರ್‌ಗಳು ಇವೆ. ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ.

---

ಕೆಲಗೇರಿ_ಕೆರೆ

ಅವ ಅದಾವ, ಒಪ್ಪಿದೆ. ಅಂಥವು ಕೆಲವು ನಿಮಿಷ ಎಳೆತ ಅಳದು, ಫೋನ್ ಕಡಿಮಿ ತಿನ್ನಾಕ ಹತ್ತಿದ ಮ್ಯಾಲೆ ಅದರ ಪಟ್ಟಿ ಸಣ್ಣದು ಮಾಡಿ ಲ್ಯಾಪ್‌ಟಾಪಿಗೆ ಹೊಸಾ ದೊಡ್ಡ ಪಟ್ಟಿ ಕಳಸ್ತಾವ. ಆದ್ರ ಅವುಗಳ ಮೈಮ್ಯಾಲೆ ಇಂಥಾ ಗಟ್ಟಿ ಸಾಲುಗಳು ಇರೂದು ಕಡಿಮಿ. 'ಸಿ1 + ಸಿ2: 45 + 20' ಅಂತ ಅಚ್ಚು ಹಾಕಿದ್ರ ಅದು ಪೋರ್ಟ್ ನೋಡಿ ಹಂಚೂದು ಅಂತ ಲೆಕ್ಕ ಹಿಡೀರಿ.

---

ಹಾವೇರಿ_ಮೆಣಸಿನಕಾಯಿ

ಇದಕ್ಕ ಹೊಂದೂ ನಂದೊಂದು ಕೇಸು. ವೈಫೈ ರೌಟರಿಂದು 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಸುಟ್ಟಿತ್ತು. ಟೈಪ್-ಸಿಯಿಂದ 12 ವೋಲ್ಟ್ ತಗೊಳ್ಳೂ ಕೇಬಲ್ ಸಿಗ್ತೈತಿ, ಅದನ್ನ ಇಂಥದs ಚಾರ್ಜರ್‌ನ ಸಿ2ಕ್ಕ ಹಾಕೇನಿ. ಯಾರರ ಬಂದು ಸಿ1ಕ್ಕ ಫೋನ್ ಹಚ್ಚಿದ್ರ ರೌಟರ್ ರೀಸ್ಟಾರ್ಟ್ ಆಕ್ಕತಿ. ಎ ಪೋರ್ಟಿಗೆ ಏನರ ಹಚ್ಚಿದ್ರಂತೂ ರೌಟರ್ ಏಳೂದs ಇಲ್ಲ, ಒಂದು ಲೈಟ್ ಮಿಣುಕ್ ಮಿಣುಕ್ ಅಂತೈತಿ. ಕೇಬಲ್ ನಕಲಿ ಇರಬಹುದಾ?

---

ತಂತಿ_ಪಕ್ಕಡ್

ಕೇಬಲ್ ಪಾಪ ಸರಿ ಐತಿ. ಮೇಲಿನ ಎರಡೂ ಉತ್ತರ ನಿಮ್ಮ ರೌಟರ್ ಮ್ಯಾಲೆ ಒಂದೊಂದಾಗಿ ನಡದಾವ ಅಷ್ಟ.

ಸಿ1ಕ್ಕ ಫೋನ್ ಬಂದಾಗ ಎಲ್ಲಾ ಪೋರ್ಟ್ ಒಂದೆರಡು ಸೆಕೆಂಡ್ ಆರ್ತಾವ. ಫೋನ್, ಲ್ಯಾಪ್‌ಟಾಪಿಗೆ ಒಳಗ ಬ್ಯಾಟರಿ ಐತಿ, ತಡಕೋತಾವ. ರೌಟರಿಗೆ ಇಲ್ಲ, ಅದಕ್ಕ ಅದು ಕರೆಂಟ್ ಹೋದಂಗ. ಎ ಪೋರ್ಟಿಗೆ ಹಚ್ಚಿದಾಗ ಸಿ2 5 ವೋಲ್ಟಿಗೆ ಇಳೀತೈತಿ. ಕೇಬಲ್ 12 ಕೇಳ್ತೈತಿ, ಪಟ್ಟಿಯಾಗ 12 ಇಲ್ಲ, ಸಿಕ್ಕ 5ನ್ನs ರೌಟರಿಗೆ ದಾಟಸ್ತೈತಿ. 12ರ ರೌಟರ್ 5ರಾಗ ಏಳೂದಿಲ್ಲ.

ಇನ್ನೊಂದು. ಟೈಪ್-ಸಿ ಮಾತುಕತಿಯ ನಿಯಮಕ್ಕ ಪಿಡಿ ಅಂತಾರ, ಅದರಾಗ 5, 9, 15, 20 ಇವು ಮುಖ್ಯ ವೋಲ್ಟ್‌ಗಳು. 12 ಕೊಡಲೇಬೇಕು ಅಂತ ಇಲ್ಲ, ಕೊಡೂ ಚಾರ್ಜರ್ ಕೊಡ್ತಾವ. ನಾಳೆ ಚಾರ್ಜರ್ ಬದಲಿಸಿದ್ರ ಮತ್ತ ಏಳದಿರಬಹುದು. ಬ್ಯಾಟರಿ ಇಲ್ಲದ ಯಾವುದನ್ನೂ, ರೌಟರ್ ಇರ್ಲಿ, ಸಣ್ಣ ಬೋರ್ಡ್ ಕಂಪ್ಯೂಟರ್ ಇರ್ಲಿ, ಹಂಚಿಕೊಳ್ಳೂ ಚಾರ್ಜರ್‌ಗೆ ಹಚ್ಚಬ್ಯಾಡ್ರಿ. 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಒಂದು ತಗೊಂಡು ಮುಗಸ್ರಿ. ತುದಿಯ ಪಿನ್ನಿನ ದಪ್ಪ ಮತ್ತು ಪ್ಲಸ್ ಒಳಗ ಐತೋ ಹೊರಗ ಐತೋ ಅನ್ನೂದನ್ನ ಹಳೇ ಅಡಾಪ್ಟರ್ ಮ್ಯಾಲಿನ ಚಿತ್ರದಾಗ ನೋಡ್ಕೊಂಡು ತಗೋರಿ.

---

ಕೆಲಗೇರಿ_ಕೆರೆ

ಒಂದು ತಕರಾರು. ಪೋರ್ಟ್ ಬಂದ್ ಮಾಡೂದು ನಿಯಮದ ಬೇಡಿಕಿ ಅಲ್ಲ. ವೋಲ್ಟ್ ಹಂಗs ಇಟ್ಟು, ಹೊಸಾ ಪಟ್ಟಿ ಕಳಿಸಿ, ಲ್ಯಾಪ್‌ಟಾಪಿನ ಎಳೆತ ಇಳದ ಮ್ಯಾಲೆ ಸಿ2ಕ್ಕ ಕರೆಂಟ್ ಬಿಡಾಕ ಪಿಡಿಯಾಗ ದಾರಿ ಅದ. ಒಳ್ಳೆ ಚಾರ್ಜರ್ ಹಂಗs ಮಾಡ್ತಾವ, ಲ್ಯಾಪ್‌ಟಾಪ್ ಕಣ್ಣೂ ಮಿಟಕಸೂದಿಲ್ಲ.

---

ತಂತಿ_ಪಕ್ಕಡ್

ದಾರಿ ಐತಿ, ಖರೆ. ಆದ್ರ ಎ ಪೋರ್ಟಿನಾಗ ಆ ಮಾತುಕತಿ ಇಲ್ಲ, ಆ ಹಳೇ ಪದ್ಧತಿಯಾಗ ಹೊಸಾ ಪಟ್ಟಿ ಕಳಸೂದು ಅನ್ನೂದs ಇಲ್ಲ. ಅದಕ್ಕ ಎರಡೂ ತರದ ಪೋರ್ಟ್ ಇರೂ ಚಾರ್ಜರ್ ಮಾಡೋರು 'ಎಲ್ಲಾ ಬಂದ್ ಮಾಡಿ ಮೊದಲಿಂದ' ಅನ್ನೂ ಸೋಮಾರಿ ದಾರಿ ಹಿಡೀತಾರ. ಸೋಮಾರಿ ಅಂದ್ರೂ ಸುರಕ್ಷಿತ ದಾರಿ.

---

ಕೆಲಗೇರಿ_ಕೆರೆ

ಬರೇ ಸಿ ಪೋರ್ಟ್ ಇರೂ ಚಾರ್ಜರ್‌ಗಳೂ ಹಂಗs ಬಂದ್ ಮಾಡ್ತಾವಲ್ಲ, ಅದಕ್ಕ ಏನಂತೀರಿ. ಇರ್ಲಿ, ಅದು ಈ ಪ್ರಶ್ನೆ ಅಲ್ಲ.

ರೂಮ್4 ಅವರs, ನಿಮ್ಮ ಕಡೆ ಯುಎಸ್‌ಬಿ ಮೀಟರ್ ಅದನ? ಕೇಬಲ್ ಮತ್ತ ಪೋರ್ಟಿನ ನಡುವ ಕುಂದ್ರೂ ಬೆರಳು ಗಾತ್ರದ್ದು, ವೋಲ್ಟ್ ಆಂಪಿಯರ್ ತೋರಸ್ತದ. ಇದ್ರ ಅಳೀರಿ. ಇಲ್ಲಂದ್ರ ವಿಂಡೋಸ್ ಪವರ್‌ಶೆಲ್‌ನಾಗ ಇದನ್ನ ಹೊಡೀರಿ:

```
Get-CimInstance -Namespace root/wmi -ClassName BatteryStatus |
  Select-Object Charging, ChargeRate, DischargeRate
```

ಇದರಾಗ ChargeRate ಅನ್ನೂದು ಬ್ಯಾಟರಿ ಒಳಗ ಹೋಗ್ತಿರೂ ಮಿಲಿವ್ಯಾಟ್. 33000 ಅಂದ್ರ 33 ವ್ಯಾಟ್. ನೆನಪಿರ್ಲಿ, ಇದು ಚಾರ್ಜರ್ ಕೊಡ್ತಿರೂ ಒಟ್ಟು ಅಲ್ಲ. ಲ್ಯಾಪ್‌ಟಾಪ್ ತಾನು ಉಂಡು ಉಳಿದದ್ದು. ಬ್ಯಾಟರಿ 30ರಿಂದ 60ರ ನಡುವ ಇದ್ದಾಗ ಅಳೀರಿ. 80 ದಾಟಿದ ಮ್ಯಾಲೆ ಬ್ಯಾಟರಿ ತಾನಾಗೇ ಕಡಿಮಿ ತಗೋತದ, ಆಗ ಯಾವ ಚಾರ್ಜರ್ ಹಚ್ಚಿದ್ರೂ ಲೆಕ್ಕ ದಾರಿ ತಪ್ಪಸ್ತದ.

---

ಸಪ್ತಾಪುರ_ರೂಮ್4

ಮೇಲಿನ ರೂಮಿನವರ ಕಡೆ ಮೀಟರ್ ಇತ್ತು. ಒಂದೇ ವಿಡಿಯೋ ಹಚ್ಚಿ, ಬ್ಯಾಟರಿ 40ರ ಹತ್ರ ಇದ್ದಾಗ ಅಳದೆ.

ಲ್ಯಾಪ್‌ಟಾಪ್ ಒಂದೇ: 19.8 ವೋಲ್ಟ್, 3.1 ಆಂಪಿಯರ್, ಅಂದ್ರ 61 ವ್ಯಾಟ್. ChargeRate 33000 ಆಸುಪಾಸು.

ಸಿ2ಕ್ಕ ಫೋನ್ ಹಚ್ಚಿದೆ: ಮೀಟರ್ ಪೂರಾ ಆರಿ ಮತ್ತ ಬಂತು. 19.9 ವೋಲ್ಟ್, 2.2 ಆಂಪಿಯರ್, 44 ವ್ಯಾಟ್. ChargeRate 15000.

ಫೋನ್ 100 ಆಗೋತನಕ ಬಿಟ್ಟು ಮೀಟರ್ ಸಿ2ಕ್ಕ ಬದಲಿಸಿದೆ: 9 ವೋಲ್ಟ್, 0.1 ಆಂಪಿಯರ್. ಒಂದು ವ್ಯಾಟೂ ಇಲ್ಲ. ಆದ್ರ ಲ್ಯಾಪ್‌ಟಾಪಿನ ChargeRate ಇನ್ನೂ 15000. ಟವೆಲ್ ಹಾಕಿದ ಸೀಟು ಅಂದಿದ್ದು ಕಣ್ಣಾರೆ ಕಂಡೆ.

ಆಮ್ಯಾಲೆ ಇನ್ನೊಂದು ಫೋನ್, ಅರ್ಧ ಖಾಲಿ ಇದ್ದದ್ದು, ಸಿ2ಕ್ಕ: 8.9 ವೋಲ್ಟ್ 2.0 ಆಂಪಿಯರ್, 18 ವ್ಯಾಟ್. ಎ ಪೋರ್ಟಿಗೆ ಇಯರ್‌ಬಡ್ಸ್ ಸಿಗಸಿದ ಕೂಡ್ಲೆ: 5.0 ವೋಲ್ಟ್ 1.9 ಆಂಪಿಯರ್, ಒಂಬತ್ತೂವರೆ ವ್ಯಾಟ್. ಹೇಳಿದಂಗs ಆತು.

ಒಂದು ಒಗಟು ಉಳೀತು. ನಿನ್ನೆ ಒಮ್ಮೆ ಲ್ಯಾಪ್‌ಟಾಪ್ ಒಂದೇ ಇದ್ದಾಗೂ 44 ತೋರಿಸ್ತು. ಫೋನೂ ಇಲ್ಲ, ಇಯರ್‌ಬಡ್ಸೂ ಇಲ್ಲ. ಸಿ2ರಾಗ ಹಳೇ ಬ್ಲೂಟೂತ್ ಸ್ಪೀಕರಿನ ಕೇಬಲ್ ಇತ್ತು, ಆದ್ರ ಇನ್ನೊಂದು ತುದಿಗೆ ಏನೂ ಇರಲಿಲ್ಲ.

---

ಕೆಲಗೇರಿ_ಕೆರೆ

ಸ್ಪೀಕರಿನ ತುದಿ ಮೈಕ್ರೋ ಯುಎಸ್‌ಬಿ ಏನು?

---

ಸಪ್ತಾಪುರ_ರೂಮ್4

ಹೌದ್ರಿ. ಈ ಕಡೆ ಸಿ, ಆ ಕಡೆ ಮೈಕ್ರೋ.

---

ಕೆಲಗೇರಿ_ಕೆರೆ

ಹಂಗಂದ್ರ ಒಗಟು ಬಿಡ್ತು. ಎರಡೂ ಕಡೆ ಸಿ ಇರೂ ಕೇಬಲ್ ಖಾಲಿ ನೇತಾಡಿದ್ರ ಚಾರ್ಜರ್‌ಗೆ ಏನೂ ಕಾಣೂದಿಲ್ಲ. ಫೋನಿನ ಒಳಗ 5.1 ಕಿಲೋಓಮ್ ರೆಸಿಸ್ಟರ್ ಇರ್ತದ, ಕೇಬಲಿನ ಸಿಸಿ ಅನ್ನೂ ತಂತಿ ಮೂಲಕ ಅದು ಕಂಡಾಗ ಮಾತ್ರ 'ಯಾರೋ ಬಂದಾರ' ಅಂತ ಚಾರ್ಜರ್ ಕರೆಂಟ್ ಬಿಡ್ತದ. ಮೈಕ್ರೋ ಯುಎಸ್‌ಬಿಯಾಗ ಆ ತಂತಿನs ಇಲ್ಲ. ಅದಕ್ಕ ಸಿ ಇಂದ ಮೈಕ್ರೋ ಕೇಬಲ್ ಮಾಡೂವಾಗ ಆ ರೆಸಿಸ್ಟರನ್ನ ಸಿ ಪ್ಲಗ್ಗಿನ ಒಳಗs ಕೂಡಸ್ತಾರ. ಕೇಬಲ್ ಚುಚ್ಚಿದ್ರ ಸಾಕು, ಆ ತುದಿಗೆ ಏನಿಲ್ಲದಿದ್ರೂ, ಚಾರ್ಜರ್ ಕಣ್ಣಿಗೆ ಅಲ್ಲೊಬ್ಬ ಗಿರಾಕಿ ಕುಂತಾನ. 20 ವ್ಯಾಟ್ ತಗದಿಟ್ಟು ಕಾಯ್ತದ.

ಸ್ಮಾರ್ಟ್‌ವಾಚಿನ ದುಂಡನೆ ಚಾರ್ಜಿಂಗ್ ಬಿಲ್ಲೆದೂ ಇದs ಕತಿ. ವಾಚ್ ಕೈಯಾಗ ಇದ್ರೂ ಬಿಲ್ಲೆ ಚಾರ್ಜರ್‌ನಾಗ ಇದ್ರ ಒಂದು ಪಾಲು ಅದರ ಹೆಸರಿಗೆ.

---

ಬೆಟಗೇರಿ_ಮಗ್ಗ

ಎಪ್ಪಾ, ಖಾಲಿ ಕೇಬಲ್ಲಿಗೂ ಪಾಲು ಕೊಡೂ ಚಾರ್ಜರ್ ಇದು. ಹಂಗಾರ 65 ಬದ್ಲಿ 100ರದ್ದು ತಗೊಂಡ್ರ ಈ ಜಂಜಾಟನs ಇರೂದಿಲ್ಲಲ್ಲ?

---

ತಂತಿ_ಪಕ್ಕಡ್

ಅಂಕಿ ನೋಡಿ ತಗೋಬ್ಯಾಡ್ರಿ, ಸಾಲು ನೋಡಿ ತಗೋರಿ. 100ರ ಒಂದು ಚಾರ್ಜರ್‌ನಾಗ ಎರಡು ಹಚ್ಚಿದ್ರ 65 + 30 ಇರಬಹುದು, ಇನ್ನೊಂದರಾಗ 45 + 45 ಇರಬಹುದು. ಇವರ ಲ್ಯಾಪ್‌ಟಾಪಿಗೆ ಮೊದಲಿಂದು ಬೇಕು. ಎರಡನೇದು ತಂದ್ರ 35 ವ್ಯಾಟಿನ ಜಾಸ್ತಿ ರೊಕ್ಕ ಕೊಟ್ಟು ಮತ್ತ 45ಕ್ಕs ಬಂದು ನಿಂತಂಗ. 'ಸಿ2 + ಎ ಸೇರಿ 15' ಅನ್ನೂ ಸಾಲು 100ರ ಚಾರ್ಜರ್‌ನಾಗೂ ಕೆಲವು ಕಡೆ ಇರ್ತೈತಿ, ಅದನ್ನೂ ಹುಡುಕ್ರಿ.

ಕೇಬಲ್ ಮರೀಬ್ಯಾಡ್ರಿ. 3 ಆಂಪಿಯರ್‌ಗಿಂತ ಹೆಚ್ಚು ಬೇಕಂದ್ರ ಕೇಬಲಿನ ಪ್ಲಗ್ಗಿನಾಗ ಗುರ್ತಿನ ಚಿಪ್ ಇರಬೇಕು. ಇಲ್ಲದಿದ್ರ ಚಾರ್ಜರ್ 20 ವೋಲ್ಟ್ 3 ಆಂಪಿಯರ್, 60 ವ್ಯಾಟಿಗೆ ನಿಲ್ಲಸ್ತೈತಿ. ಫೋನಿನ ಜೊತೆ ಬಂದ ಸಣ್ಣ ಕೇಬಲ್ ಲ್ಯಾಪ್‌ಟಾಪಿಗೆ ಹಚ್ಚಿ 100ರ ಚಾರ್ಜರ್ ಸರಿಯಿಲ್ಲ ಅಂತ ಬೈಯೋರು ಬಹಳ ಮಂದಿ ಅದಾರ. ರೂಮ್4ಗೆ 3.1 ಬಂದೈತಿ, ಹಂಗಾಗಿ ಅವರ ಕೇಬಲ್ ಸರಿ ಐತಿ.

ಈಗ ಅವರ ಲೆಕ್ಕಕ್ಕ ಬರೋಣು. ವಿಡಿಯೋ ಹಚ್ಚಿದಾಗ ಲ್ಯಾಪ್‌ಟಾಪ್ ತಾನು ತಿನ್ನೂದು 28 ವ್ಯಾಟ್ ಅಂತ ತಿಳೀತು, 61ರಾಗ 33 ಕಳದ್ರ. ಬ್ಯಾಟರಿ 56 ವ್ಯಾಟ್-ಅವರ್ ಅಂತ ಹಿಡೀರಿ. 33ರಂತೆ ಹೋದ್ರ ಒಂದು ತಾಸು ನಲವತ್ತು ನಿಮಿಷ. 15ರಂತೆ ಹೋದ್ರ ಮೂರು ಮುಕ್ಕಾಲು ತಾಸು. ಕೊನೆಯ ನಿಧಾನ ಬ್ಯಾರೆ. ಚಾರ್ಜರ್ ಕಡಿಮಿ ಮಾಡಿದ್ದು ಮೂರನೇ ಒಂದರಷ್ಟೂ ಅಲ್ಲ, ಆದ್ರ ಚಾರ್ಜ್ ಆಗೂ ಹೊತ್ತು ಎರಡು ಪಟ್ಟಿಗಿಂತ ಹೆಚ್ಚಾತು. ಯಾಕಂದ್ರ ಲ್ಯಾಪ್‌ಟಾಪ್ ತನ್ನ ಊಟದಾಗ ಒಂದು ತುತ್ತೂ ಬಿಡೂದಿಲ್ಲ, ಕಡಿತ ಪೂರಾ ಬ್ಯಾಟರಿ ಪಾಲಿಗೆ. ಗೇಮ್ ಹಚ್ಚಿ 50 ತಿನ್ನಾಕ ಹತ್ತಿದ್ರ 44 ಬಂದ್ರೂ ಬ್ಯಾಟರಿ ಇಳೀತೈತಿ, ಹಚ್ಚಿದ್ರೂ. ಆಗ ಆ ಕಮಾಂಡಿನಾಗ DischargeRate ಕಡೆ ಅಂಕಿ ಬರ್ತೈತಿ.

ಮಾಡೂದು ಏನು? ಇಯರ್‌ಬಡ್ಸ್ ಡಬ್ಬಿಯನ್ನ ಚಾರ್ಜರ್‌ನಿಂದ ತಗದು ಲ್ಯಾಪ್‌ಟಾಪಿನ ಯುಎಸ್‌ಬಿಗೆ ಹಚ್ಚರಿ. ಚಾರ್ಜರ್ ಕಣ್ಣಿಗೆ ಅದು ಬೀಳೂದs ಇಲ್ಲ. ಲ್ಯಾಪ್‌ಟಾಪಿನ ಗಂಟಿನಿಂದ ಎರಡು ಮೂರು ವ್ಯಾಟ್ ಹೋಗ್ತೈತಿ, ಅಷ್ಟ. ಗಡಿಬಿಡಿ ಇಲ್ಲದಾಗ ಫೋನೂ ಅಲ್ಲೇ ಹಚ್ಚಬಹುದು. 5 ವೋಲ್ಟ್ ಒಂದೂವರೆ ಆಂಪಿಯರ್ ಕೊಡೂ ಪೋರ್ಟ್ ಇದ್ರ ಏಳೂವರೆ ವ್ಯಾಟ್. ಚಾರ್ಜರ್‌ಗೆ ಹಚ್ಚಿದ್ರ 20 ಕಳಕೋತಿದ್ರಿ, ಇಲ್ಲಿ ಎಂಟರ ಹತ್ರ. ಒಂದು ತೊಂದ್ರಿ: ಲ್ಯಾಪ್‌ಟಾಪ್ ಮಲಗಿದ್ರ ಅದರ ಪೋರ್ಟೂ ಮಲಗಬಹುದು. ಕೆಲವು ಲ್ಯಾಪ್‌ಟಾಪಿನ ಬಯೋಸ್‌ನಾಗ ಅದನ್ನ ಎಚ್ಚರ ಇಡೂ ಆಯ್ಕೆ ಇರ್ತೈತಿ.

---

ಕೊಪ್ಪಿಕರ್_ಕಟ್ಟೆ

ಇಷ್ಟೆಲ್ಲಾ ಯಾಕೆ, ಪ್ರತಿ ಮನೆಯಲ್ಲೂ ಡ್ರಾಯರ್‌ನಲ್ಲಿ ಹಳೇ ಫೋನಿನ 5 ವೋಲ್ಟ್ ಚಾರ್ಜರ್ ಬಿದ್ದಿರುತ್ತೆ. ಇಯರ್‌ಬಡ್ಸಿಗೆ ಅದು ಧಾರಾಳ ಸಾಕು.

---

ತಂತಿ_ಪಕ್ಕಡ್

ಇದು ನೂರಕ್ಕ ನೂರು ಸರಿ. ಆದ್ರ ಅವರ ರೂಮಿನಾಗ ಸಾಕೆಟ್ ಒಂದs.

---

ಸಪ್ತಾಪುರ_ರೂಮ್4

ಇಯರ್‌ಬಡ್ಸ್ ಲ್ಯಾಪ್‌ಟಾಪಿಗೆ ಹಾಕಿದೆ, ChargeRate 30000 ಬಂತು. ಫೋನ್ ರಾತ್ರಿ ಮಾತ್ರ ಚಾರ್ಜರ್‌ಗೆ. ಹಂಗಾರ ಆ ರಾತ್ರಿಯ ಟಣ್ ಟಣ್ ಯಾಕಾಗ್ತಿತ್ತು? ಯಾರೂ ಏನೂ ತಗದು ಹಚ್ಚತಿರಲಿಲ್ಲ.

---

ಕೆಲಗೇರಿ_ಕೆರೆ

ನನ್ನ ಗುಮಾನಿ ಎ ಪೋರ್ಟ್ ಮ್ಯಾಲೆ. ಸಿ ಪೋರ್ಟಿಗೆ ಆ ರೆಸಿಸ್ಟರ್ ಕಾಣ್ತದ, ಯಾರು ಬಂದ್ರು, ಯಾರು ಹೋದ್ರು ಗೊತ್ತಾಗ್ತದ. ಎ ಪೋರ್ಟಿಗೆ ಆ ಕಣ್ಣಿಲ್ಲ. ಕೆಲವು ಚಾರ್ಜರ್‌ಗಳು ಕರೆಂಟ್ ಹರೀತಿದ್ರ 'ಇದ್ದಾನ', ಒಂದು ಮಟ್ಟಕ್ಕಿಂತ ಕೆಳಗ ಇಳದು ಸ್ವಲ್ಪ ಹೊತ್ತಾದ್ರ 'ಹೋದ' ಅಂತ ತಿಳೀತಾವ. ಇಯರ್‌ಬಡ್ಸ್ ಡಬ್ಬಿ ತುಂಬಿದ ಮ್ಯಾಲೆ ಎಳೆತ ಹೆಚ್ಚು ಕಡಿಮಿ ಸೊನ್ನೆ. ಚಾರ್ಜರ್ 'ಹೋದ' ಅಂದು ಫೋನನ್ನ 9 ವೋಲ್ಟಿಗೆ ಏರಸ್ತದ, ಟಣ್. ಡಬ್ಬಿ ನಡುವ ಎದ್ದು ಒಂದು ಗುಟುಕು ಕುಡೀತದ, ಚಾರ್ಜರ್ 'ಬಂದ' ಅಂದು ಫೋನನ್ನ 5ಕ್ಕ ಇಳಸ್ತದ, ಮತ್ತ ಟಣ್. ಹೊಲದಾಗ ಗುಬ್ಬಿ ಬಂದು ಹೋದಂಗ.

ಪರೀಕ್ಷೆ ಸರಳ. ಇವತ್ತು ಎ ಪೋರ್ಟ್ ಖಾಲಿ ಬಿಟ್ಟು ಮಲಗ್ರಿ. ಆದ್ರೂ ಟಣ್ ಅಂದ್ರ ಸಿ2ರ ಕೇಬಲ್ ಸಡಿಲ ಅದ ಅಥವಾ ಫೋನಿನ ಪೋರ್ಟಿನಾಗ ಅರಳಿ ಎಳೆ ಸಿಕ್ಕದ.

---

ಸಪ್ತಾಪುರ_ರೂಮ್4

ಎರಡು ರಾತ್ರಿ ನೋಡಿದೆ, ಎ ಖಾಲಿ ಇದ್ದಾಗ ಒಂದೂ ಟಣ್ ಇಲ್ಲ. ವಾಪಸ್ ಕೊಡೂ ವಿಚಾರ ಬಿಟ್ಟೆ.

ಆದ್ರ ಇವತ್ತು ಮಧ್ಯಾಹ್ನ ಹೊಸದೊಂದು. ಲ್ಯಾಪ್‌ಟಾಪ್ ಒಂದೇ, ಸಿ2 ಖಾಲಿ, ಎ ಖಾಲಿ, ಯಾವ ಕೇಬಲ್ಲೂ ಇಲ್ಲ. ಮೊದಲ ನಲವತ್ತು ನಿಮಿಷ 61, ಆಮ್ಯಾಲೆ ತಾನಾಗೇ 44. ಚಾರ್ಜರ್ ಹಾಸಿಗಿ ಸಂದಿಯಾಗ ಇತ್ತು, ಮುಟ್ಟಿದ್ರ ಕೈ ಇಡಾಕ ಆಗವಲ್ದು.

---

ತಂತಿ_ಪಕ್ಕಡ್

ಹಾಸಿಗಿ ಸಂದಿಯಿಂದ ಮೊದಲು ಹೊರಗ ತಗೀರಿ! ಒಳಗ ಬಿಸಿ ಅಳಿಯೂ ಸೆನ್ಸರ್ ಇರ್ತೈತಿ, ಮಿತಿ ದಾಟಿದ್ರ ಚಾರ್ಜರ್ ತಾನs ಸಣ್ಣ ಪಟ್ಟಿ ಕಳಸ್ತೈತಿ. ಗಾಳಿ ಆಡೂ ಕಡೆ ಇಟ್ಟು ಮತ್ತ ನಲವತ್ತು ನಿಮಿಷ ಅಳೀರಿ. 61 ನಿಂತ್ರ ಬಿಸಿದs ಆಟ. ಫ್ಯಾನಿನ ಕೆಳಗೂ 44ಕ್ಕ ಇಳದ್ರ, ವಾಪಸ್ ಅವಧಿ ಇನ್ನೂ ಎಷ್ಟು ದಿನ ಉಳದೈತಿ?

---

ಸಪ್ತಾಪುರ_ರೂಮ್4

ನಾಳೆ ಕೊನೇ ದಿನ. ಈಗ ಕಿಟಕಿ ಕಟ್ಟೆ ಮ್ಯಾಲೆ ಇಟ್ಟು ಹಚ್ಚೇನಿ. ಇಪ್ಪತ್ತು ನಿಮಿಷ ಆತು, 61 ಅದ.